ಒಂದು ಆರ್ಡರು, ಮೂರು ಲೋಡು, ಎರಡು ಬಾಕಿ

(ಮೈಸೂರಿನಲ್ಲಿ ಸಗಟು ವ್ಯಾಪಾರಿಗಳೂ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವ ಹುಡುಗರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ, ತಿದ್ದಿ ಬರೆದದ್ದು.)

ಸಂತೆಪೇಟೆಯ ಸಗಟು ಅಂಗಡಿಗಳಲ್ಲಿ ಗಲ್ಲಾ ಪಕ್ಕ ಒಂದು ಉದ್ದನೆಯ ನೋಟ್‌ಬುಕ್ ಇರುತ್ತದೆ. ನೀವೆಲ್ಲ ನೋಡಿದ್ದೀರಿ. ಕಂಪ್ಯೂಟರ್ ಬಂದು ಎಷ್ಟೋ ವರ್ಷ ಆಯಿತು, ಆ ಪುಸ್ತಕ ಮಾತ್ರ ಜಾಗ ಬಿಟ್ಟಿಲ್ಲ. ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟ ಒಂದು ಕಡೆ, ಆರು ತಿಂಗಳ ಮೇಲೂ ಗುಮಾಸ್ತರು ಅದರಲ್ಲೇ ಬರೆಯುತ್ತಿದ್ದರು. "ಯಾಕೆ ಸ್ವಾಮಿ, ಕಂಪ್ಯೂಟರ್ ಇದೆಯಲ್ಲ?" ಅಂದೆ. "ಅದು ಬಿಲ್ಲಿಗೆ. ಇದು ಬಾಕಿ ಮಾಲಿಗೆ" ಅಂದರು. ನನ್ನ ಸಾಫ್ಟ್‌ವೇರ್ ಎಲ್ಲಿ ಸೋತಿದೆ ಅಂತ ಎರಡೇ ಮಾತಲ್ಲಿ ಹೇಳಿಬಿಟ್ಟರು.

ಇವತ್ತು ಆ ಪುಸ್ತಕದ ಬಗ್ಗೆಯೇ ಮಾತಾಡೋಣ. ಗಿರಾಕಿ ಒಂದೇ ಆರ್ಡರ್ ಕೊಡುತ್ತಾನೆ. ಮಾಲು ಮೂರು ಸಲ ಹೋಗುತ್ತದೆ. ದುಡ್ಡು ಅವನಿಗೆ ತೋಚಿದಾಗ, ತೋಚಿದಷ್ಟು ಬರುತ್ತದೆ. ಲೋಡಿಗೂ ದುಡ್ಡಿಗೂ ತಾಳೆ ಇರುವುದಿಲ್ಲ. ಇದನ್ನು ಕಂಪ್ಯೂಟರಿನಲ್ಲಿ ಹೇಗೆ ಇಡಬೇಕು?

ಒಂದೇ ಉದಾಹರಣೆ ಹಿಡಿದುಕೊಂಡು ಕೊನೆಯವರೆಗೂ ಹೋಗುತ್ತೇನೆ. ನಡೆದದ್ದೇ, ಅಂಕಿಗಳನ್ನು ಮಾತ್ರ ಲೆಕ್ಕಕ್ಕೆ ಸುಲಭ ಆಗುವ ಹಾಗೆ ಬದಲಿಸಿದ್ದೇನೆ. ಮೈಸೂರಿನ ಒಬ್ಬ ಊದುಬತ್ತಿ ತಯಾರಕರು, ಹಾಸನದ ಒಬ್ಬ ಡೀಲರ್. ಶ್ರಾವಣದ ವ್ಯಾಪಾರಕ್ಕೆ ಅಂತ ಜುಲೈ 3ಕ್ಕೆ ಆರ್ಡರ್ ಬಂತು. ಮಲ್ಲಿಗೆ 100 ಪೆಟ್ಟಿಗೆ, ಪೆಟ್ಟಿಗೆಗೆ 1,200 ರೂಪಾಯಿ. ಗಂಧ 60 ಪೆಟ್ಟಿಗೆ, ಪೆಟ್ಟಿಗೆಗೆ 2,000. ಎರಡೂ 1,20,000, ಒಟ್ಟು 2,40,000. ಊದುಬತ್ತಿಗೆ ಜಿಎಸ್‌ಟಿ ಶೇಕಡಾ 5, ಅಂದರೆ 12,000. ಎಲ್ಲ ಸೇರಿ 2,52,000. ಅವತ್ತೇ 50,000 ಅಡ್ವಾನ್ಸ್ ಬಂತು.

ಗಂಧ ಅಷ್ಟೂ ತಯಾರಿರಲಿಲ್ಲ. ಜುಲೈ 10ಕ್ಕೆ ಮೊದಲ ಲೋಡು ಹೋಯಿತು: ಮಲ್ಲಿಗೆ 60, ಗಂಧ 20. ಜುಲೈ 20ಕ್ಕೆ ಎರಡನೆಯದು: ಮಲ್ಲಿಗೆ 40, ಗಂಧ 25. ಉಳಿದ ಗಂಧ 15 ಆಮೇಲೆ ಅಂತ ಮಾತು.

ಇಲ್ಲಿ ಒಂದು ಸಣ್ಣ ವಿಷಯ. ಹೀಗೆ ಒಡೆದು ಕಳಿಸುವುದು ಮಾರುವವನ ಹಕ್ಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಕಂತಿನಲ್ಲಿ ಬಂದ ಮಾಲನ್ನು ಕೊಳ್ಳುವವನು ತೆಗೆದುಕೊಳ್ಳಲೇಬೇಕು ಅಂತಿಲ್ಲ. ಆದ್ದರಿಂದ ಆರ್ಡರ್ ಚೀಟಿಯಲ್ಲೇ "ಮಾಲು ಭಾಗ ಭಾಗವಾಗಿ ಬರುತ್ತದೆ, ಲೋಡಿಗೊಂದು ಬಿಲ್ಲು" ಅಂತ ಒಂದು ಸಾಲು ಹಾಕಿ. ವಾಟ್ಸಾಪ್‌ನಲ್ಲಿ ಅವನು "ಓಕೆ" ಅಂದಿದ್ದರೂ ಅದನ್ನು ಅಳಿಸದೆ ಇಟ್ಟುಕೊಳ್ಳಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಸಾಫ್ಟ್‌ವೇರಿನಲ್ಲಿ ಆರ್ಡರಿಗೆ ಒಂದು ಸ್ಟೇಟಸ್ ಕಾಲಂ ಇಟ್ಟಿದ್ದೆ. ಪೆಂಡಿಂಗ್, ಪಾರ್ಷಿಯಲ್, ಕಂಪ್ಲೀಟ್. ನೋಡುವುದಕ್ಕೆ ಚೆನ್ನಾಗಿತ್ತು, ಹಳದಿ, ಕಿತ್ತಳೆ, ಹಸಿರು ಬಣ್ಣ ಬೇರೆ ಕೊಟ್ಟಿದ್ದೆ. ಎರಡನೇ ಲೋಡು ಹೋದ ಮೇಲೆ ಆರ್ಡರ್ ಪಾರ್ಷಿಯಲ್. ಸರಿ, ಏನು ಪಾರ್ಷಿಯಲ್? ಮಾಲಾ, ದುಡ್ಡಾ? ಮಾಲು ಪೂರ್ತಿ ಹೋಗಿ ದುಡ್ಡು ಬರದೆ ಇರಬಹುದು. ದುಡ್ಡು ಪೂರ್ತಿ ಬಂದು ಮಾಲು ಹೋಗದೆ ಇರಬಹುದು. ಎರಡಕ್ಕೂ ಒಂದೇ ಕಿತ್ತಳೆ ಬಣ್ಣ. ಆ ಪದದಿಂದ ಗೋಡೌನಿನವನಿಗೂ ಉಪಯೋಗ ಇಲ್ಲ, ವಸೂಲಿಗೆ ಫೋನ್ ಮಾಡುವವನಿಗೂ ಇಲ್ಲ.

ಇದಕ್ಕಿಂತ ಕೆಟ್ಟದ್ದು ಮೊದಲ ಲೋಡಿನಲ್ಲೇ ನಡೆದಿತ್ತು. ಜುಲೈ ತಿಂಗಳು, ಹಾಸನದ ಮಳೆ. ಲಾರಿಯ ಟಾರ್ಪಾಲು ಒಂದು ಮೂಲೆಯಲ್ಲಿ ಬಿಚ್ಚಿಕೊಂಡು ಮಲ್ಲಿಗೆಯ ಎರಡು ಪೆಟ್ಟಿಗೆ ನೆಂದುಹೋದವು. ಊದುಬತ್ತಿಗೆ ನೀರು ತಗುಲಿದರೆ ಮುಗಿಯಿತು, ಒಣಗಿಸಿದರೂ ಮಾರುವ ಹಾಗಿಲ್ಲ. ಡೀಲರ್ ಕಡೆಯವರು ಬಿಲ್ಲಿನ ಪ್ರತಿಯ ಹಿಂದೆ "2 ಬಾಕ್ಸ್ ನೆಂದಿದೆ, ವಾಪಸ್" ಅಂತ ಬರೆದು, ಸಹಿ ಹಾಕಿ, ಅದೇ ಲಾರಿಯಲ್ಲಿ ವಾಪಸ್ ಕಳಿಸಿದರು. ಇಲ್ಲಿ ಗುಮಾಸ್ತರು 2,400 ರೂಪಾಯಿಗೂ ಅದರ ತೆರಿಗೆ 120ಕ್ಕೂ ಕ್ರೆಡಿಟ್ ನೋಟ್ ಹಾಕಿದರು. ದುಡ್ಡಿನ ಲೆಕ್ಕ ಸರಿಹೋಯಿತು.

ಮಾಲಿನ ಲೆಕ್ಕ? ನನ್ನ ಸಾಫ್ಟ್‌ವೇರ್ "ಹೋದದ್ದು 60" ಅಂತಲೇ ಇಟ್ಟುಕೊಂಡಿತ್ತು. ಕ್ರೆಡಿಟ್ ನೋಟ್ ಹೋಗಿ ಲೆಡ್ಜರಿನಲ್ಲಿ ಕೂತಿತು, ಆರ್ಡರಿಗೆ ಅದರ ಸುದ್ದಿಯೇ ಗೊತ್ತಾಗಲಿಲ್ಲ. ಎರಡನೇ ಲೋಡಿನಲ್ಲಿ 40 ಹೋದ ತಕ್ಷಣ 60ಕ್ಕೆ 40 ಕೂಡಿಸಿ ಮಲ್ಲಿಗೆಯ ಸಾಲು ಹಸಿರಾಯಿತು. ಗಿರಾಕಿಯ ಕೈಯಲ್ಲಿ ಇದ್ದದ್ದು 98. ಎರಡು ಪೆಟ್ಟಿಗೆ ಕಂಪ್ಯೂಟರಿನಲ್ಲಿ ಕಳೆದುಹೋದವು. ಉದ್ದನೆಯ ನೋಟ್‌ಬುಕ್ಕಿನಲ್ಲಿ ಮಾತ್ರ "ಹಾಸನ, ಮಲ್ಲಿಗೆ 2 ಬಾಕಿ" ಅಂತ ಪೆನ್ಸಿಲ್‌ನಲ್ಲಿ ಇತ್ತು!

ಅವತ್ತು ನಾನು ಸ್ಟೇಟಸ್ ಕಾಲಂ ಕಿತ್ತುಹಾಕಿದೆ. ಬಾಕಿ ಅನ್ನುವುದನ್ನು ಬರೆದಿಡಬಾರದು, ಕೇಳಿದಾಗ ಲೆಕ್ಕ ಹಾಕಿ ತೋರಿಸಬೇಕು. ಅದೂ ಆರ್ಡರ್ ಮಟ್ಟದಲ್ಲಿ ಅಲ್ಲ, ಆರ್ಡರಿನ ಒಂದೊಂದು ಸಾಲಿಗೆ. ಸಾಲಿಗೆ ನಾಲ್ಕು ಅಂಕಿ ಸಾಕು: ಕೇಳಿದ್ದು, ಬೇಡ ಅಂದದ್ದು, ಕಳಿಸಿದ್ದು, ವಾಪಸ್ ಬಂದದ್ದು. ಕಳಿಸಿದ್ದೂ ವಾಪಸ್ ಬಂದದ್ದೂ ಲೋಡಿನ ಸಾಲಿನಲ್ಲಿ ಕೂರುತ್ತವೆ. ಲೋಡಿನ ಪ್ರತಿ ಸಾಲು ತಾನು ಆರ್ಡರಿನ ಯಾವ ಸಾಲಿಗೆ ಸೇರಿದ್ದು ಅಂತ ಹೇಳಬೇಕು. ಕೋಡ್ ಬರೆಯುವವರಿಗೆ ತೋರಿಸುತ್ತೇನೆ, ಉಳಿದವರು ಒಂದು ನಿಮಿಷ ಸಹಿಸಿಕೊಳ್ಳಿ.

```sql
SELECT ol.id,
       ol.qty - ol.cancelled_qty
       - COALESCE(SUM(sl.sent_qty - sl.returned_qty), 0)
         AS balance_qty
FROM order_lines ol
LEFT JOIN shipment_lines sl ON sl.order_line_id = ol.id
GROUP BY ol.id, ol.qty, ol.cancelled_qty;
```

ಮಲ್ಲಿಗೆಗೆ ಹಾಕಿ ನೋಡಿ. ಕೇಳಿದ್ದು 100, ಬೇಡ ಅಂದದ್ದು 0. ಮೊದಲ ಲೋಡು 60, ವಾಪಸ್ 2, ನಿಂತದ್ದು 58. ಎರಡನೆಯದು 40. ಬಾಕಿ 2. ಪೆನ್ಸಿಲ್ ಹೇಳಿದ್ದೇ ಬಂತು.

`LEFT JOIN` ಯಾಕೆ ಅಂದರೆ, ಇನ್ನೂ ಒಂದೂ ಲೋಡು ಹೋಗದ ಸಾಲು ಸುಮ್ನೆ ಮಾಯ ಆಗಬಾರದು. ಅಂಥ ಸಾಲೇ ಅಲ್ವಾ ಗೋಡೌನಿಗೆ ಮೊದಲು ಕಾಣಬೇಕಾದ್ದು? ಇನ್ನೊಂದು, ಇದೇ `SELECT` ಒಳಗೆ ಪಾವತಿಯ ಟೇಬಲ್ಲನ್ನೂ ತಂದು ಸೇರಿಸಬೇಡಿ. ನಾನು ಸೇರಿಸಿದ್ದೆ. ಗಂಧದ ಸಾಲಿಗೆ ಮೂರು ಲೋಡು, ಆರ್ಡರಿಗೆ ಎರಡು ಪಾವತಿ. ಒಂದಕ್ಕೊಂದು ಗಂಟು ಬಿದ್ದು ಆರು ಸಾಲಾಯಿತು. ಅಡ್ವಾನ್ಸೂ ಆಮೇಲೆ ಬಂದ ಒಂದು ಲಕ್ಷವೂ ಸೇರಿದ 1,50,000 ಮೂರು ಸಲ ಎಣಿಕೆಯಾಗಿ, ಎರಡೂವರೆ ಲಕ್ಷದ ಆರ್ಡರಿಗೆ 4,50,000 ಬಂದಿದೆ ಅಂತ ರಿಪೋರ್ಟು ತೋರಿಸಿತು. ಯಜಮಾನರು ಕನ್ನಡಕ ಮೇಲೆ ಮಾಡಿ, "ಆ ಮೂರು ಲಕ್ಷ ಎಲ್ಲಿದೆ ತೋರ್ಸಿ, ನಾನೂ ಒಂದ್ಸಲ ಎಣಿಸ್ಕೋತೀನಿ" ಅಂದರು. ಲೋಡುಗಳನ್ನು ಬೇರೆ ಕೂಡಿಸಿ, ಪಾವತಿಗಳನ್ನು ಬೇರೆ ಕೂಡಿಸಿ, ಆಮೇಲೆ ಎರಡು ಮೊತ್ತಗಳನ್ನು ಪಕ್ಕ ಪಕ್ಕ ಇಡಿ. ಒಂದು ಲೋಡು, ಒಂದು ಪಾವತಿ ಇರುವವರೆಗೂ ಈ ತಪ್ಪು ಕಾಣುವುದೇ ಇಲ್ಲ. ಟೆಸ್ಟ್ ಮಾಡುವಾಗ ಎರಡೂ ಎರಡೆರಡಾದರೂ ಇರಬೇಕು.

ಬಿಲ್ಲಿನ ಮಾತಿಗೆ ಬರೋಣ. ಮೂರು ಲೋಡಿಗೆ ಒಂದೇ ಬಿಲ್ಲೋ, ಮೂರು ಬಿಲ್ಲೋ? ಇಲ್ಲಿ ಕುಳಿತಿರುವವರಲ್ಲಿ ಎರಡೂ ಮಾಡುವವರು ಇದ್ದೀರಿ. ಒಂದೇ ಬಿಲ್ಲಿಗೂ ದಾರಿ ಇದೆ. ಜಿಎಸ್‌ಟಿಯ 55ನೇ ನಿಯಮದ 5ನೇ ಉಪನಿಯಮದಲ್ಲಿದೆ. ಮೊದಲ ಲೋಡು ಹೊರಡುವ ಮುಂಚೆ ಪೂರ್ತಿ ಬಿಲ್ಲು ಮಾಡಬೇಕು. ಆಮೇಲಿನ ಲೋಡುಗಳಿಗೆ ಆ ಬಿಲ್ಲಿನ ನಂಬರ್ ಹಾಕಿ ಡೆಲಿವರಿ ಚಲನ್ ಕೊಡಬೇಕು, ಜೊತೆಗೆ ಬಿಲ್ಲಿನ ದೃಢೀಕರಿಸಿದ ಪ್ರತಿ ಹೋಗಬೇಕು. ಮೂಲ ಬಿಲ್ಲು ಕೊನೆಯ ಲೋಡಿನ ಜೊತೆ ಹೋಗುತ್ತದೆ. ದೊಡ್ಡ ಮಿಷಿನ್ನನ್ನು ಬಿಚ್ಚಿ ನಾಲ್ಕು ಲಾರಿಯಲ್ಲಿ ಕಳಿಸುವವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ನಾಲ್ಕನೇ ಲಾರಿ ಬರುವ ತನಕ ಅದು ಮಿಷಿನ್ನೇ ಅಲ್ಲವಲ್ಲ.

ಊದುಬತ್ತಿಗೆ ಇದು ಬೇಡ. ಕಾರಣ ಗಿರಾಕಿಯ ಕಡೆ ಇದೆ. ಒಂದು ಬಿಲ್ಲಿನ ಮಾಲು ಕಂತಿನಲ್ಲಿ ಬಂದರೆ, ಕೊನೆಯ ಕಂತು ಕೈಸೇರಿದ ಮೇಲೆ ಮಾತ್ರ ಆ ಬಿಲ್ಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತೆಗೆದುಕೊಳ್ಳಬಹುದು. ಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್ನಿನಲ್ಲೇ ಇದೆ. ಅಂದರೆ ನಿಮ್ಮ 15 ಪೆಟ್ಟಿಗೆ ಗಂಧ ತಡವಾದ ಕಾರಣಕ್ಕೆ ಅವರ 12,000 ಪೂರ್ತಿ ನಿಲ್ಲುತ್ತದೆ. ನೀವು ನೋಡಿದರೆ ಮಾಲು ಹೋಗುವ ಮುಂಚೆಯೇ ಪೂರ್ತಿ ತೆರಿಗೆ ತೋರಿಸಿರುತ್ತೀರಿ. ಇಬ್ಬರಿಗೂ ನಷ್ಟ. ಲೋಡಿಗೊಂದು ಬಿಲ್ಲಾದರೆ ಆ ಲೋಡಿನ ತೆರಿಗೆ ಆ ಲೋಡಿಗೇ ಮುಗಿಯುತ್ತದೆ. ನಮ್ಮ ಲೆಕ್ಕದಲ್ಲಿ ಮೊದಲ ಬಿಲ್ಲು 1,17,600. ಎರಡನೆಯದು 1,02,900.

ಇ-ವೇ ಬಿಲ್ಲೂ ಲೋಡಿನ ಪ್ರಕಾರವೇ. ರಾಜ್ಯದೊಳಗೆ ತೆರಿಗೆ ಸೇರಿ 50,000 ದಾಟಿದ ಲೋಡಿಗೆ ಬೇಕು. ಈ ಎರಡಕ್ಕೂ ಬೇಕಾಯಿತು.

ಒಟ್ಟು ಆರ್ಡರಿಗೆ ಡಿಸ್ಕೌಂಟ್ ಕೊಟ್ಟಿದ್ದರೆ ಅದನ್ನು ಬಿಲ್ಲುಗಳಿಗೆ ಹಂಚಬೇಕಲ್ಲ, ಅಲ್ಲಿ ಪೈಸೆ ಕೈಕೊಡುತ್ತದೆ. ಸಾವಿರ ರೂಪಾಯಿಯನ್ನು ಮೂರು ಸಮ ಲೋಡಿಗೆ ಹಂಚಿದರೆ 333.33, ಮೂರು ಸಲಕ್ಕೆ 999.99. ಒಂದು ಪೈಸೆ ಉಳಿದು ಆರ್ಡರ್ ಮುಚ್ಚುವುದೇ ಇಲ್ಲ. ಪ್ರತಿ ಲೋಡಿಗೂ ಬೇರೆ ಬೇರೆಯಾಗಿ ಭಾಗಿಸಬೇಡಿ. ಇಲ್ಲಿಯವರೆಗೆ ಒಟ್ಟು ಎಷ್ಟು ಸಲ್ಲಬೇಕು ಅಂತ ನೋಡಿ, ಅದನ್ನು ರೌಂಡ್ ಮಾಡಿ, ಈಗಾಗಲೇ ಕೊಟ್ಟದ್ದನ್ನು ಕಳೆಯಿರಿ. 333.33, ಆಮೇಲೆ 666.67ರಲ್ಲಿ ಕಳೆದು 333.34, ಕೊನೆಗೆ 1,000ದಲ್ಲಿ ಕಳೆದು 333.33. ಸರಿಯಾಗಿ ಸಾವಿರ.

ಈಗ ದುಡ್ಡು. ಜಗಳ ಹುಟ್ಟುವುದು ಇಲ್ಲೇ.

ಮೊದಲು ಅಡ್ವಾನ್ಸು. 50,000 ಬಂದಾಗ ಬಿಲ್ಲೇ ಇರಲಿಲ್ಲ. ಸರಕಿನ ಅಡ್ವಾನ್ಸಿಗೆ ಅದು ಬಂದ ದಿನವೇ ಜಿಎಸ್‌ಟಿ ಕಟ್ಟುವ ತಲೆನೋವು 2017ರ ನವೆಂಬರ್‌ನಿಂದ ಇಲ್ಲ, ಕಾಂಪೊಸಿಶನ್ ಸ್ಕೀಮಿನವರ ದಾರಿ ಬೇರೆ. ಸೇವೆಯ ಅಡ್ವಾನ್ಸಿಗೆ ಮಾತ್ರ ಈಗಲೂ ಇದೆ, ಅದನ್ನು ಇದಕ್ಕೆ ಬೆರೆಸಬೇಡಿ. ಪ್ರಶ್ನೆ ಏನೆಂದರೆ, ಈ 50,000 ಯಾವ ಬಿಲ್ಲಿಗೆ? ಗಿರಾಕಿಗೆ ಮೊದಲ ಬಿಲ್ಲಿನಲ್ಲೇ ಪೂರ್ತಿ ಕಳೆದುಬಿಟ್ಟರೆ ಖುಷಿ. ಮಾರುವವನಿಗೆ ಕೊನೆಯ ಲೋಡಿನವರೆಗೂ ಹಿಡಿದುಕೊಳ್ಳುವ ಆಸೆ. ನಡುವಿನ ದಾರಿ ಪ್ರಮಾಣದ ಪ್ರಕಾರ ಕಳೆಯುವುದು. ಮೊದಲ ಲೋಡಿಗೆ ಸುಮಾರು 23,333 ಬರುತ್ತದೆ. ಮೂರರಲ್ಲಿ ಯಾವುದಾದರೂ ಸರಿ, ಆರ್ಡರ್ ದಿನವೇ ತೀರ್ಮಾನ ಆಗಿರಬೇಕು. ನನ್ನನ್ನು ಕೇಳಿದರೆ ಸಣ್ಣ ಆರ್ಡರಿಗೆ ಮೊದಲ ಬಿಲ್ಲಿಗೇ ಹಾಕಿ ಮುಗಿಸಿ. ಇವರೂ ಹಾಗೇ ಮಾಡಿದರು. 1,17,600ರಲ್ಲಿ ಕ್ರೆಡಿಟ್ ನೋಟಿನ 2,520 ಹೋಗಿ 1,15,080. ಅಡ್ವಾನ್ಸ್ ಹೋಗಿ 65,080 ಬಾಕಿ.

ಜುಲೈ 25ಕ್ಕೆ ಬ್ಯಾಂಕಿಗೆ 1,00,000 ಬಂದು ಬಿತ್ತು. ರೌಂಡ್ ಫಿಗರ್. ಯಾವ ಬಿಲ್ಲಿಗೆ ಅಂತ ಒಂದು ಅಕ್ಷರ ಇಲ್ಲ. ಎದುರಿಗೆ ಎರಡು ಬಿಲ್ಲು: ಮೊದಲನೆಯದರಲ್ಲಿ 65,080, ಎರಡನೆಯದರಲ್ಲಿ 1,02,900. ಗುಮಾಸ್ತರು ಹಳೆಯದನ್ನು ಮೊದಲು ತೀರಿಸಿದರು. 65,080 ಮೊದಲ ಬಿಲ್ಲಿಗೆ, ಉಳಿದ 34,920 ಎರಡನೆಯದಕ್ಕೆ. ಎರಡನೇ ಬಿಲ್ಲಿನಲ್ಲಿ 67,980 ಉಳಿಯಿತು.

ಹೀಗೆ ಮಾಡುವುದಕ್ಕೆ ಅಧಿಕಾರ ಇದೆಯಾ? ಇದೆ, ಅದೂ 1872ರಿಂದ. ಭಾರತೀಯ ಒಪ್ಪಂದ ಕಾಯ್ದೆಯ 59, 60, 61ನೇ ಸೆಕ್ಷನ್ ಓದಿ, ಮೂರೂ ಸೇರಿ ಅರ್ಧ ಪುಟ ಇಲ್ಲ. ಕೊಡುವವನು "ಇದು ಇಂಥ ಬಾಕಿಗೆ" ಅಂತ ಹೇಳಿದರೆ, ತೆಗೆದುಕೊಂಡವನು ಅದಕ್ಕೇ ಹಾಕಬೇಕು. ಹೇಳದಿದ್ದರೆ, ಆಗ ಸಲ್ಲಬೇಕಾಗಿರುವ ಯಾವ ಬಾಕಿಗೆ ಬೇಕಾದರೂ ತೆಗೆದುಕೊಂಡವನು ಹಾಕಿಕೊಳ್ಳಬಹುದು. ಇಬ್ಬರೂ ಏನೂ ಹೇಳದಿದ್ದರೆ ಹಳೆಯದು ಮೊದಲು. ನಮ್ಮ ಅಜ್ಜಂದಿರ ಸಾಲದ ಪುಸ್ತಕಗಳೂ ಹೀಗೇ ನಡೆದವು ಅನಿಸುತ್ತದೆ, ಕಾಯ್ದೆ ಓದಿದ್ದರೋ ಇಲ್ಲವೋ.

ಮೂರು ದಿನ ಬಿಟ್ಟು ಡೀಲರ್ ಫೋನ್ ಮಾಡಿದರು. "ಯಜಮಾನ್ರೇ, ಆ ಒಂದು ಲಕ್ಷ ಎರಡನೇ ಬಿಲ್ಲಿಂದು. ಮೊದಲನೇದ್ರಲ್ಲಿ ನೆಂದ ಮಾಲಿನ ಲೆಕ್ಕ ಕೂರಿಸಿ ಹೇಳಿ, ಆಮೇಲೆ ಕೊಡ್ತೀನಿ." ಕ್ರೆಡಿಟ್ ನೋಟ್ ಅವರಿಗೆ ತಲುಪಿಯೇ ಇರಲಿಲ್ಲ. ಹಣ ಕೊಡುವಾಗಲೇ ಹೇಳಬೇಕಿತ್ತು, ಈಗ ಹೇಳಿದರೆ ಕಾನೂನು ಅವರ ಕಡೆ ಇಲ್ಲ ಅಂತ ವಾದ ಮಾಡಬಹುದು. ಆದರೆ ವ್ಯಾಪಾರ ಬೇಕಲ್ಲ? ಯಜಮಾನರು "ಆಯ್ತು ಬಿಡಿ" ಅಂದರು. ಮೊದಲ ಬಿಲ್ಲಿಗೆ ಹಾಕಿದ್ದನ್ನು ಎರಡನೆಯದಕ್ಕೆ ತಿರುಗಿಸಬೇಕು.

ಹಳೆಯ ಸಾಫ್ಟ್‌ವೇರಿನಲ್ಲಿ ಇದು ಆಗುತ್ತಲೇ ಇರಲಿಲ್ಲ. ಅಲ್ಲಿ ಪಾವತಿಯ ಸಾಲಿನಲ್ಲೇ ಒಂದು `invoice_id` ಇತ್ತು. ಒಂದು ಪಾವತಿಗೆ ಒಂದು ಬಿಲ್ಲು. ಲಕ್ಷ ರೂಪಾಯಿಯನ್ನು ಎರಡು ಬಿಲ್ಲಿಗೆ ಒಡೆಯಲು ಗುಮಾಸ್ತರು ಎರಡು ಸುಳ್ಳು ರಸೀದಿ ಮಾಡುತ್ತಿದ್ದರು, 65,080ಕ್ಕೆ ಒಂದು, 34,920ಕ್ಕೆ ಇನ್ನೊಂದು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇರುವುದು ಒಂದೇ ಲಕ್ಷ. ತಿಂಗಳ ಕೊನೆಗೆ ತಾಳೆ ಹಾಕುವಾಗ ತಲೆ ಕೆಡುತ್ತಿತ್ತು. ಈಗ ಪಾವತಿ ಅಂದರೆ ಬ್ಯಾಂಕಿಗೆ ಬಂದದ್ದು, ಬಂದಷ್ಟೇ, ಬಂದ ದಿನಕ್ಕೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅದು ಯಾವ ಬಿಲ್ಲಿಗೆ ಎಷ್ಟು ಹೋಯಿತು ಅನ್ನುವುದು `payment_allocations` ಅನ್ನುವ ಬೇರೆ ಟೇಬಲ್ಲು. ತಿರುಗಿಸುವುದಾದರೆ ಹಳೆಯ ಸಾಲನ್ನು ಅಳಿಸುವುದಿಲ್ಲ. ಮೈನಸ್ 65,080 ಅಂತ ಒಂದು ಸಾಲು ಮೊದಲ ಬಿಲ್ಲಿಗೆ, ಪ್ಲಸ್ 65,080 ಎರಡನೆಯದಕ್ಕೆ, ಪಕ್ಕದಲ್ಲಿ ಯಾರು ಹೇಳಿದರು, ಯಾವತ್ತು. ಈಗ ಎರಡನೇ ಬಿಲ್ಲಿನಲ್ಲಿ 2,900 ಬಾಕಿ, ಮೊದಲನೆಯದರಲ್ಲಿ 65,080. ಒಟ್ಟು ಅದೇ 67,980.

ಒಟ್ಟು ಅದೇ ಆದರೆ ಈ ಕಸರತ್ತು ಯಾಕೆ ಅಂತ ಕೇಳಬಹುದು. ಪ್ರತಿ ಬಿಲ್ಲಿನ ಗಡಿಯಾರ ಬೇರೆ ಬೇರೆ ಓಡುತ್ತಿರುತ್ತದೆ. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ದುಡ್ಡು ಕೊಡದಿದ್ದರೆ ಕೊಂಡವನು ತಾನು ತೆಗೆದುಕೊಂಡ ಕ್ರೆಡಿಟ್ ಹಿಂದಿರುಗಿಸಬೇಕು. ನೀವು ಯಾವ ಬಿಲ್ಲಿಗೆ ಹಾಕಿಕೊಂಡಿರಿ ಅನ್ನುವುದು ಅವನ ತೆರಿಗೆಗೂ ತಗುಲುತ್ತದೆ. ಹಾಗಾಗಿ ಹಂಚಿಕೆ ಮಾಡಿದ ದಿನವೇ ಒಂದು ಮೆಸೇಜು ಕಳಿಸಿ. ಹಾಗೆ ಕಳಿಸಿದ್ದರೆ ಡೀಲರ್‌ನ ಆ ಫೋನ್ ಕರೆ ಮೂರು ದಿನ ಮುಂಚೆಯೇ ಬರುತ್ತಿತ್ತು.

ವಸೂಲಿ ಮಾಡುವವರಿಗೆ ಒಂದು ಮಾತು. ಆ ಹೊತ್ತಿಗೆ ಹೊಸ ಹುಡುಗನೊಬ್ಬ ಹಾಸನಕ್ಕೆ ಫೋನ್ ಮಾಡಿ "ನಿಮ್ಮದು 1,02,000 ಬಾಕಿ" ಅಂದುಬಿಟ್ಟ. ಅವನು ಆರ್ಡರಿನ 2,52,000ದಲ್ಲಿ ಬಂದ 1,50,000 ಕಳೆದಿದ್ದ. ಲೆಕ್ಕ ತಪ್ಪಿಲ್ಲ, ಬಾಕಿ ತಪ್ಪು. ಹೋಗದ ಮಾಲಿಗೆ ಯಾರು ದುಡ್ಡು ಕೊಡುತ್ತಾರೆ? ಕೇಳಬೇಕಿದ್ದದ್ದು ಬಿಲ್ಲಾದದ್ದರ ಬಾಕಿ, 67,980. ಆರ್ಡರ್ ಬಾಕಿ ಗೋಡೌನಿನ ಸ್ಕ್ರೀನಿನಲ್ಲಿ ಪೆಟ್ಟಿಗೆ ಲೆಕ್ಕದಲ್ಲಿ ಇರಲಿ, ಬಿಲ್ ಬಾಕಿ ವಸೂಲಿ ಸ್ಕ್ರೀನಿನಲ್ಲಿ ರೂಪಾಯಿ ಲೆಕ್ಕದಲ್ಲಿ ಇರಲಿ. ಎರಡೂ ಒಂದೇ ಸ್ಕ್ರೀನಿನಲ್ಲಿ ಕಾಣಬೇಕಾದವರು ಯಜಮಾನರು ಮಾತ್ರ. ಮುಂದಿನ ಲೋಡು ಬಿಡಬೇಕಾ, ತಡೆಯಬೇಕಾ ಅಂತ ಅವರು ತಾನೇ ಹೇಳಬೇಕು.

ಅವರು ಬಿಡಿ ಅಂದರು. ಮೂರನೇ ಲೋಡಿಗೆ ಗಂಧ 15, ಮಲ್ಲಿಗೆ 2. ಗಾಡಿಗೆ ಹಾಕುವ ಮುಂಚೆ ಗುಮಾಸ್ತರು ಹಾಸನಕ್ಕೆ ಒಂದು ಫೋನ್ ಮಾಡಿದರು. "ಮಲ್ಲಿಗೆ ಎರಡು ಬೇಡ, ಇರೋದೇ ಸಾಕು" ಅಂತ ಉತ್ತರ ಬಂತು. ಇಂಥ ಕಡೆ ತುಂಬಾ ಜನ ಆರ್ಡರನ್ನೇ ತಿದ್ದಿ 100ನ್ನು 98 ಮಾಡುತ್ತಾರೆ. ಮಾಡಬೇಡಿ. ಅವನು ಕೇಳಿದ್ದು ನೂರೇ. `cancelled_qty` ಜಾಗಕ್ಕೆ 2 ಹಾಕಿ, ಯಾರು ಬೇಡ ಅಂದರು ಅಂತ ಬರೆಯಿರಿ. ಬಾಕಿ ತಾನಾಗೇ ಸೊನ್ನೆಗೆ ಬರುತ್ತದೆ. ಹೀಗೆ ಮುಚ್ಚದೆ ಬಿಟ್ಟ ಒಂದೆರಡು ಪೆಟ್ಟಿಗೆಗಳೇ ವರ್ಷದ ಕೊನೆಗೆ ಬಾಕಿ ಪಟ್ಟಿಯನ್ನು ಹತ್ತು ಪುಟ ಮಾಡುವುದು. ಆಮೇಲೆ ಆ ಪಟ್ಟಿಯನ್ನು ಯಾರೂ ತೆಗೆದು ನೋಡುವುದಿಲ್ಲ.

ಗಂಧ 15ಕ್ಕೆ ಬಿಲ್ಲು 31,500. ಅದಕ್ಕೆ ಇ-ವೇ ಬಿಲ್ಲು ಬೇಕಾಗಲಿಲ್ಲ. ಈಗ ಬಾಕಿ 67,980ಕ್ಕೆ 31,500 ಸೇರಿ 99,480. ಒಂದು ವಾರ ಬಿಟ್ಟು ಡೀಲರ್ ದುಡ್ಡು ಕಳಿಸಿದರು. ಎಷ್ಟು? ಮತ್ತೆ ಒಂದು ಲಕ್ಷ!

ಮೂರೂ ಬಿಲ್ಲು ತೀರಿದವು, 520 ರೂಪಾಯಿ ಹೆಚ್ಚಿಗೆ ಉಳಿಯಿತು. ಗುಮಾಸ್ತರು ಅದನ್ನು ಮೂರನೇ ಬಿಲ್ಲಿಗೇ ಸೇರಿಸಿ ರೌಂಡ್ ಆಫ್ ಮಾಡೋಣ ಅಂದರು. ಸಾಫ್ಟ್‌ವೇರ್ ಬಿಡಲಿಲ್ಲ, ಯಾಕೆಂದರೆ ಬಿಲ್ಲಿನ ಬಾಕಿಗಿಂತ ಜಾಸ್ತಿ ಹಂಚುವುದಕ್ಕೆ ನಾನು ಈ ಸಲ ತಡೆ ಹಾಕಿದ್ದೆ. ಆ 520 ಯಾವ ಬಿಲ್ಲಿಗೂ ಸೇರದೆ ಡೀಲರ್ ಖಾತೆಯಲ್ಲಿ ಹಾಗೇ ಕೂತಿದೆ. ದಸರಾಕ್ಕೆ ಅವರ ಮುಂದಿನ ಆರ್ಡರ್ ಬಂದಾಗ, ಮೊದಲ ಬಿಲ್ಲಿನಲ್ಲಿ ಕಳೆಯುತ್ತಾರೆ. ಗುಮಾಸ್ತರು ಮರೆಯಬಾರದು ಅಂತ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಪೆನ್ಸಿಲ್‌ನಲ್ಲಿ.